ನನ್ನ ಪರಿಚಯ ನಾನೇ ಬರೆದ ಬಗೆ

ಹೋದ ವರ್ಷ ಜನವರಿ 26ಕ್ಕೆ ನಮ್ಮೂರ ಶಾಲೆಯಲ್ಲಿ ಧ್ವಜ ಏರಿಸಿದ ಮೇಲೆ ಮಕ್ಕಳಿಗೆ ನಾಲ್ಕು ಮಾತು ಹೇಳು ಎಂದು ಮಾಸ್ತರು ನನ್ನನ್ನು ಕರೆದಿದ್ದರು. ನಮ್ಮದು ನಾರಾಯಣಪೇಟ ಜಿಲ್ಲೆಯ ಕೃಷ್ಣಾ ಮಂಡಲ. ತೆಲಂಗಾಣದೊಳಗಿದ್ದರೂ ಮನೆಮಾತು ಕನ್ನಡ, ನಾನು ಓದಿದ್ದೂ ಕನ್ನಡ ಮಾಧ್ಯಮ. "ಸ್ವಾಗತದಾಗ ಹೇಳಲಿಕ್ಕ ನಿನ್ನ ಬಗ್ಗೆ ಏನರೆ ಬರದು ಕಳಸು" ಎಂದು ಹಿಂದಿನ ದಿನ ಫೋನ್ ಮಾಡಿದ್ದರು. ಹೊಸದಾಗಿ ಬರೆಯುವ ಸೋಮಾರಿತನಕ್ಕೆ, ಲಿಂಕ್ಡ್‌ಇನ್‌ನಲ್ಲಿ ಹಾಕಿಕೊಂಡಿದ್ದ ಪರಿಚಯವನ್ನೇ ಕಳಿಸಿಬಿಟ್ಟೆ.

ಮಾಸ್ತರು ಅದನ್ನು ಕಾಗದದ ಮೇಲೆ ಕನ್ನಡ ಅಕ್ಷರದಲ್ಲಿ ಇಳಿಸಿಕೊಂಡು ಮೈಕಿನ ಮುಂದೆ ಓದಲು ಶುರು ಮಾಡಿದರು:

"ರಿಸಲ್ಟ್ಸ್-ಡ್ರಿವನ್ ಅಂಡ್ ಪ್ಯಾಶನೇಟ್ ಸಾಫ್ಟ್‌ವೇರ್ ಇಂಜಿನಿಯರ್, ಲೆವರೇಜಿಂಗ್ ಕಟಿಂಗ್-ಎಡ್ಜ್ ಟೆಕ್ನಾಲಜೀಸ್ ಟು ಡೆಲಿವರ್ ರೋಬಸ್ಟ್, ಸ್ಕೇಲಬಲ್ ಸೊಲ್ಯೂಶನ್ಸ್. ಸ್ಪಿಯರ್‌ಹೆಡೆಡ್ ದಿ ಎಂಡ್-ಟು-ಎಂಡ್ ಟ್ರಾನ್ಸ್‌ಫಾರ್ಮೇಶನ್ ಆಫ್ ಎ ಮಿಶನ್-ಕ್ರಿಟಿಕಲ್ ಪೇಮೆಂಟ್ಸ್ ಪ್ಲಾಟ್‌ಫಾರ್ಮ್, ಅಚೀವಿಂಗ್ 99.9% ಅಕ್ಯುರಸಿ. ಪ್ರೂವನ್ ಟೀಮ್ ಪ್ಲೇಯರ್."

"ಸ್ಪಿಯರ್‌ಹೆಡೆಡ್" ಹತ್ತಿರ ಅವರ ನಾಲಿಗೆ ಸಿಕ್ಕಿಕೊಂಡಿತು. ಎರಡು ಸಲ ಯತ್ನಿಸಿದರು. ಆಮೇಲೆ ಕಾಗದ ಮಡಚಿ ಜೇಬಿಗೆ ಹಾಕಿಕೊಂಡು, "ಇವ ನಮ್ಮ ಹುಡುಗ. ಹೈದರಾಬಾದಿನಾಗ ಕಂಪ್ಯೂಟರ್ ಕೆಲಸ ಮಾಡ್ತಾನ" ಎಂದು ಮುಗಿಸಿದರು. ಜನ ಚಪ್ಪಾಳೆ ಹೊಡೆದರು. ನಾನು ಮಾತಾಡಿದ್ದಾದ ಮೇಲೆ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು, "ಸರ, ಮಾಸ್ತರು ಓದಿದ್ದರಾಗ ನೀವು ಏನು ಮಾಡೀರಿ ಅಂತ ಬರದದ?" ಎಂದು ಕೇಳಿದಳು. ತುಂಟತನವಿರಲಿಲ್ಲ, ತಿಳಿಯದ್ದಕ್ಕೆ ಕೇಳಿದ್ದು. ನನಗೆ ಉತ್ತರ ಹೊಳೆಯಲಿಲ್ಲ. "ರೊಕ್ಕ ಕಳಿಸೋ ಪ್ರೋಗ್ರಾಂ ಬರಿತೀನವ್ವ" ಎಂದು ಏನೋ ಹೇಳಿ ಕುಳಿತೆ.

ಲಿಂಕ್ಡ್‌ಇನ್ ಗೊತ್ತಿಲ್ಲದವರಿಗೆ ಒಂದು ಮಾತು. ಅದು ನೌಕರಿ ಮಾಡುವವರೂ ನೌಕರಿ ಕೊಡುವವರೂ ತಮ್ಮ ತಮ್ಮ ವಿವರ ಹಾಕಿಕೊಳ್ಳುವ ತಾಣ. 2003ರಲ್ಲಿ ಶುರುವಾಯಿತು, 2016ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಕೊಂಡುಕೊಂಡಿತು. ಅಲ್ಲಿ ಪ್ರತಿಯೊಬ್ಬರಿಗೂ ತಮ್ಮ ಬಗ್ಗೆ 2,600 ಅಕ್ಷರದಷ್ಟು ಬರೆದುಕೊಳ್ಳಲು ಜಾಗ ಇರುತ್ತದೆ. ತೆರೆದ ಕೂಡಲೇ ಕಾಣುವುದು ಮೊದಲಿನ ಕೆಲವು ಸಾಲು ಮಾತ್ರ. ಉಳಿದದ್ದನ್ನು ಓದಬೇಕೆಂದರೆ ಓದುವವನು ಒತ್ತಬೇಕು. ಹಾಗಾಗಿ ಎಲ್ಲರೂ ಆ ಮೊದಲ ಸಾಲುಗಳಲ್ಲಿ ಡೊಳ್ಳು ಬಾರಿಸುತ್ತಾರೆ. ನಾನೂ ಬಾರಿಸಿದ್ದೆ.

ಆ ಮಾತುಗಳನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ಫಲಿತಾಂಶದ ಹಿಂದೆ ಬಿದ್ದ, ಕೆಲಸದ ಹುಚ್ಚು ಹಿಡಿದ ಇಂಜಿನಿಯರ್, ಇಂದಿನ ಹೊಸ ತಂತ್ರಗಳನ್ನು ಬಳಸಿ ಗಟ್ಟಿಯಾದ, ಎಷ್ಟಕ್ಕಾದರೂ ಹಿಗ್ಗುವ ಪರಿಹಾರ ಕೊಡುವವನು, ಹಣ ಪಾವತಿಯ ಒಂದು ದೊಡ್ಡ ವ್ಯವಸ್ಥೆಯನ್ನು ತಾನೇ ಮುಂದೆ ನಿಂತು ಪೂರಾ ಬದಲಿಸಿ, ನೂರಕ್ಕೆ 99.9ರಷ್ಟು ತಪ್ಪಿಲ್ಲದಂತೆ ಮಾಡಿದವನು. ಎಲ್ಲರ ಜತೆ ಹೊಂದಿಕೊಂಡು ಹೋಗುವವನು. ನಾನೇ ಬರೆದದ್ದು ಎಂದೆನಲ್ಲ, ಅದೂ ಪೂರಾ ನಿಜವಲ್ಲ. ನನಗಿಂತ ಹಿರಿಯರಾದ ಮೂವರ ಪರಿಚಯ ಮುಂದಿಟ್ಟುಕೊಂಡು ಅಲ್ಲಿಷ್ಟು ಇಲ್ಲಿಷ್ಟು ಎತ್ತಿ ಜೋಡಿಸಿದ್ದೆ. ಹತ್ತನೆಯತ್ತೆವರೆಗೆ ಕನ್ನಡದಲ್ಲಿ ಓದಿದವನಿಗೆ ಒಂದು ಭಯ ಇರುತ್ತದೆ, ಅದು ನಮ್ಮ ಮಾಸ್ತರುಗಳಿಗೆ ಗೊತ್ತು. ನನ್ನದೇ ಇಂಗ್ಲಿಷಿನಲ್ಲಿ ಬರೆದರೆ ಎಲ್ಲಿ ನನ್ನ ಊರು ಕಾಣಿಸಿಬಿಡುತ್ತದೋ ಎಂದು. ಮೊದಲ ಸಂದರ್ಶನಕ್ಕೆ ಹೋಗುವಾಗ ರೂಮಿನ ಗೆಳೆಯನ ಬಿಳಿ ಅಂಗಿ ಇಸಿದುಕೊಂಡು ಹೋಗಿದ್ದೆ. ಈ ಪದಗಳೂ ಹಾಗೇ ಇಸಿದುಕೊಂಡವು. ವ್ಯತ್ಯಾಸ ಇಷ್ಟೇ, ಅಂಗಿಯನ್ನು ತಿರುಗಿ ಕೊಟ್ಟೆ.

ಈಗ ಆ "ಮಿಶನ್-ಕ್ರಿಟಿಕಲ್" ಕೆಲಸ ಏನಿತ್ತು ಎಂದು ಹೇಳುತ್ತೇನೆ.

ನಾನಿದ್ದ ಕಂಪನಿ ಹತ್ತಿ ಮಿಲ್ಲುಗಳಿಗೆ ಮತ್ತು ಅಡತಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ರೈತ ಹತ್ತಿ ತಂದು ತೂಗಿಸುತ್ತಾನೆ, ತಕ್‌ಪಟ್ಟಿ ಬರೆಯುತ್ತಾರೆ, ಹಮಾಲಿ ಮತ್ತಿತರ ಖರ್ಚು ಕಳೆದು ಉಳಿದ ರೊಕ್ಕ ಅವನ ಬ್ಯಾಂಕ್ ಖಾತೆಗೆ ಹೋಗಬೇಕು. ಕೊನೆಯ ಈ ಒಂದು ಹೆಜ್ಜೆ, ಅಂದರೆ ಬ್ಯಾಂಕಿಗೆ "ಇಂಥ ಖಾತೆಗೆ ಇಷ್ಟು ಕಳಿಸು" ಎಂದು ಹೇಳುವ ಭಾಗ, ನಾನು ಬರೆದದ್ದು. ಮಿಲ್ಲು ಕಟ್ಟಿದ್ದು ನಾನಲ್ಲ, ಬ್ಯಾಂಕು ನಡೆಸಿದ್ದು ನಾನಲ್ಲ, ಪೂರಾ ವ್ಯವಸ್ಥೆ ಬದಲಿಸಿದ್ದೂ ನಾನಲ್ಲ. ನನ್ನ ಪಾಲಿನ ಪ್ರೋಗ್ರಾಂ ಒಟ್ಟು ಇನ್ನೂರು ಸಾಲು ಇದ್ದೀತು.

ಬ್ಯಾಂಕಿಗೆ ಕಳಿಸುವ ಪ್ರತಿ ಹೇಳಿಕೆಗೂ ಒಂದು ರೆಫರೆನ್ಸ್ ನಂಬರ್ ಇರುತ್ತದೆ. ಚೀಟಿಯ ಮೇಲೆ ನಂಬರ್ ಹಾಕಿ ಕೊಟ್ಟ ಹಾಗೆ. ಬ್ಯಾಂಕಿನ ಕಡೆಯಿಂದ "ಆಯಿತು" ಎಂಬ ಉತ್ತರ ಬರಬೇಕು. ಬರದೇ ಹೋದರೆ? 30 ಸೆಕೆಂಡು ಕಾಯ್ದು ಮತ್ತೆ ಕಳಿಸು, ಹೀಗೆ ಮೂರು ಸಲ ನೋಡು ಎಂದು ನಾನು ಬರೆದಿದ್ದೆ. ಅದರ ಎಲುಬು ಹೀಗಿತ್ತು:

```
for attempt in range(3):
    ref = new_ref()
    if send(ref, account, amount) == "OK":
        break
```

ಓದಲು ಬರದಿದ್ದರೂ ಚಿಂತೆಯಿಲ್ಲ. ಮೊದಲ ಸಾಲು "ಮೂರು ಸಲ ಪ್ರಯತ್ನ ಮಾಡು" ಎನ್ನುತ್ತದೆ. ಎರಡನೆಯದು "ಹೊಸ ನಂಬರ್ ತಗೋ" ಎನ್ನುತ್ತದೆ. ಕೊನೆಯ ಎರಡು ಸಾಲು "ಕಳಿಸು, ಸರಿ ಅಂದರೆ ನಿಲ್ಲಿಸು" ಎನ್ನುತ್ತವೆ. ತಪ್ಪು ಎರಡನೆಯ ಸಾಲಿನ ಜಾಗದಲ್ಲಿದೆ. ಅದು ಸುತ್ತಿನ ಒಳಗಿರುವುದರಿಂದ ಪ್ರತಿ ಪ್ರಯತ್ನಕ್ಕೂ ಹೊಸ ನಂಬರ್ ಹುಟ್ಟುತ್ತದೆ. ಮನಿಯಾರ್ಡರ್ ಕಳಿಸಿ, ಮುಟ್ಟಿದ ಸುದ್ದಿ ಬರಲಿಲ್ಲವೆಂದು ಮರುದಿನ ಮತ್ತೊಂದು ಹೊಸ ಮನಿಯಾರ್ಡರ್ ಮಾಡಿದರೆ ಏನಾಗುತ್ತದೆ? ಮೊದಲನೆಯದು ಮುಟ್ಟೇ ಇದ್ದರೆ ರೊಕ್ಕ ಎರಡು ಸಲ ಹೋಯಿತು. ಉತ್ತರ ಬರಲಿಲ್ಲ ಎಂಬುದಕ್ಕೂ ಕೆಲಸ ಆಗಲಿಲ್ಲ ಎಂಬುದಕ್ಕೂ ಬಹಳ ಅಂತರ ಇದೆ. ಆ ಅಂತರ ನನಗೆ ಆಗ ತಿಳಿದಿರಲಿಲ್ಲ.

ನೆಟ್‌ವರ್ಕ್ ಚೆನ್ನಾಗಿದ್ದ ದಿನಗಳಲ್ಲಿ ಈ ತಪ್ಪು ಕಾಣುವುದೇ ಇಲ್ಲ. ಮೊದಲ ಸಲವೇ "ಆಯಿತು" ಬರುತ್ತದೆ, ಸುತ್ತು ನಿಲ್ಲುತ್ತದೆ. ಎರಡು ತಿಂಗಳು ಹಾಗೆಯೇ ನಡೆಯಿತು. ಹತ್ತಿಯ ಭರಾಟೆ ಜೋರಾಗಿದ್ದ ಒಂದು ರಾತ್ರಿ ಬ್ಯಾಂಕಿನ ಕಡೆ ಉತ್ತರ ತಡವಾಯಿತು. ಹೇಳಿಕೆ ಮುಟ್ಟಿತ್ತು, ರೊಕ್ಕ ಹೋಗಿತ್ತು, "ಆಯಿತು" ಎನ್ನುವುದು ಮಾತ್ರ 30 ಸೆಕೆಂಡಿನೊಳಗೆ ಬರಲಿಲ್ಲ. ನನ್ನ ಪ್ರೋಗ್ರಾಂ ನಿಷ್ಠೆಯಿಂದ ಹೊಸ ನಂಬರ್ ಹಾಕಿ ಮತ್ತೆ ಕಳಿಸಿತು. 37 ರೈತರಿಗೆ ಎರಡೆರಡು ಸಲ ರೊಕ್ಕ ಹೋಯಿತು.

ಅದು ಗೊತ್ತಾದದ್ದು ನಮ್ಮ ಜಾಣತನದಿಂದಲ್ಲ. ಮಕ್ತಲ್ ಕಡೆಯ ಒಬ್ಬ ಮುದುಕಿ ಬ್ಯಾಂಕಿನಲ್ಲಿ ಪಾಸ್‌ಬುಕ್ ಬರೆಸಿಕೊಂಡು, ಅಲ್ಲಿಂದ ನೆಟ್ಟಗೆ ಅಡತಿ ಅಂಗಡಿಗೆ ಹೋಗಿ, "ನಂದು ಒಂದ ಪಟ್ಟಿ, ರೊಕ್ಕ ಎರಡು ಪಟ್ಟಿದು ಬಂದದ, ಇದು ಯಾರದು?" ಎಂದು ಕೇಳಿದ್ದಳು. ಅಂಗಡಿಯವರು ನಮಗೆ ಫೋನ್ ಮಾಡಿದರು. ನಾನು ನನ್ನ ಪ್ರೋಗ್ರಾಂ ಬಿಚ್ಚಿ ನೋಡಿ, ಎಲ್ಲ ಸರಿಯಿದೆ, ಬ್ಯಾಂಕಿನ ತಪ್ಪೇ ಇರಬೇಕು ಎಂದು ಹೇಳಿದೆ. ಹೀಗೆ ಹೇಳಿದ್ದು ಈಗಲೂ ನೆನಪಾಗುತ್ತದೆ.

ತಪ್ಪು ಹಿಡಿದವರು ನನ್ನ ಜತೆಗಿದ್ದ ಗದ್ವಾಲದ ಅಕ್ಕ. ಆಕೆಯ ಕೆಲಸ ಪರೀಕ್ಷೆ ಮಾಡುವುದು. ನಾವು ಬರೆದದ್ದು ಕೆಡುತ್ತದೋ ಇಲ್ಲವೋ ಎಂದು ಕೆಡಿಸಿ ನೋಡುವುದು. ಮನೆಮಾತು ತೆಲುಗು, ತಾಯಿಯ ತವರು ರಾಯಚೂರು, ಆದ್ದರಿಂದ ಕನ್ನಡವೂ ಚೆನ್ನಾಗಿ ಬರುತ್ತದೆ. ಆಕೆ ಪ್ರೋಗ್ರಾಂ ನೋಡಲೇ ಇಲ್ಲ. ಬ್ಯಾಂಕಿನ ಪಟ್ಟಿ ತರಿಸಿ, ಖಾತೆ ಮತ್ತು ಮೊತ್ತ ಎರಡೂ ಒಂದೇ ಇದ್ದ ಸಾಲುಗಳನ್ನು ಅಕ್ಕಪಕ್ಕ ಇಟ್ಟರು. ಪ್ರತಿ ಜೋಡಿಯ ನಡುವೆ ಅರ್ಧ ನಿಮಿಷದ ಅಂತರ. ರೆಫರೆನ್ಸ್ ನಂಬರ್ ಮಾತ್ರ ಬೇರೆ ಬೇರೆ. "ಬ್ಯಾಂಕು ತಪ್ಪು ಮಾಡಿದ್ರ ನಂಬರ್ ಒಂದ ಇರ್ತಿತ್ತು. ಇಲ್ಲಿ ನಂಬರೇ ಎರಡು ಅವ. ಎರಡು ಚೀಟಿ ಬರದು ಕೊಟ್ಟವ ನೀನ" ಎಂದರು. ಮೂವತ್ತು ಸೆಕೆಂಡು ಎಂದು ಬರೆದ ಕೈ ನನ್ನದು. ಆ ಅರ್ಧ ನಿಮಿಷ ನೋಡಿದ ಕೂಡಲೇ ಗೊತ್ತಾಯಿತು.

ತಿದ್ದಿದ್ದು ಇಷ್ಟು:

```
ref = new_ref()
for attempt in range(3):
    if send(ref, account, amount) == "OK":
        break
```

ಒಂದು ಸಾಲು ಮೇಲಕ್ಕೆ ಹೋಯಿತು. ಈಗ ನಂಬರ್ ಒಂದೇ ಸಲ ಹುಟ್ಟುತ್ತದೆ, ಎಷ್ಟು ಸಲ ಕಳಿಸಿದರೂ ಅದೇ ನಂಬರ್ ಹೋಗುತ್ತದೆ. "ಈ ನಂಬರಿನದು ಆಗಲೇ ಕೊಟ್ಟೀನಿ" ಎಂದು ಬ್ಯಾಂಕು ಎರಡನೆಯದನ್ನು ತಳ್ಳಿಹಾಕುತ್ತದೆ. ಇಷ್ಟಕ್ಕೇ ಸಾಲದು ಎಂದೂ ಅಕ್ಕನೇ ಹೇಳಿದರು. ಕಳಿಸುತ್ತಿರುವಾಗ ಕಂಪ್ಯೂಟರ್ ನಿಂತುಹೋಗಿ ಮತ್ತೆ ಶುರುವಾದರೆ ಆ ನಂಬರ್ ಮರೆತುಹೋಗಿ ಮತ್ತೊಂದು ಹುಟ್ಟುತ್ತದೆ. ಹಾಗಾಗಿ ಕಳಿಸುವ ಮುಂಚೆಯೇ ನಂಬರನ್ನು ತಕ್‌ಪಟ್ಟಿಯ ಎದುರಿಗೆ ಲೆಕ್ಕದಲ್ಲಿ ಬರೆದಿಡಬೇಕು, ಉತ್ತರ ಬರದಿದ್ದರೆ ಮತ್ತೆ ಕಳಿಸುವ ಮೊದಲು "ಈ ನಂಬರಿನದು ಏನಾಯಿತು?" ಎಂದು ಬ್ಯಾಂಕನ್ನು ಕೇಳಬೇಕು. ಅಷ್ಟೂ ಮಾಡಲು ನಮ್ಮಿಬ್ಬರಿಗೆ ಒಂಬತ್ತು ದಿನ ಹಿಡಿಯಿತು. ಅದೇ ನನ್ನ "ಎಂಡ್-ಟು-ಎಂಡ್ ಟ್ರಾನ್ಸ್‌ಫಾರ್ಮೇಶನ್".

ಉಳಿದದ್ದು 37 ಫೋನ್. ಹೋದ ರೊಕ್ಕ ತಿರುಗಿ ಕೇಳಬೇಕು, ಕೇಳುವವರು ಯಾರು? ಆಫೀಸಿನಲ್ಲಿ ಕನ್ನಡವೂ ತೆಲುಗೂ ಎರಡೂ ಬರುವವನು, ಮೇಲಾಗಿ ತಪ್ಪು ಮಾಡಿದವನು, ನಾನೇ. ಮೂರು ದಿನ ಕೂತು ಒಬ್ಬೊಬ್ಬರಿಗೂ ಮಾಡಿದೆ. ಹೆಚ್ಚಿನವರು "ನಮಗ್ಯಾಕ ಇನ್ನೊಬ್ಬರ ರೊಕ್ಕ" ಎಂದು ಕೊಟ್ಟರು. ಕೆಲವರು ಬೈದು ಕೊಟ್ಟರು. ಒಬ್ಬರ ಕಥೆ ಬೇರೆಯಾಗಿತ್ತು. ಅವರಿಗೆ 62,400 ರೂಪಾಯಿ ಎರಡು ಸಲ ಬಂದಿತ್ತು. ಆ ಖಾತೆಯ ಮೇಲೆ ಹಳೆಯ ಬೆಳೆಸಾಲ ಬಾಕಿ ಇತ್ತು. ಖಾತೆಯಲ್ಲಿ ರೊಕ್ಕ ಕಂಡ ಕೂಡಲೇ ಬ್ಯಾಂಕು ಬಾಕಿಗೆ ಹಿಡಿದುಕೊಂಡಿತು. "ತಮ್ಮಾ, ನೀ ಹಾಕಿದ್ದು ಖರೆ, ನನ್ನ ಕೈಗೆ ಬಂದಿಲ್ಲ. ನಾ ಎಲ್ಲಿಂದ ಕೊಡಲಿ?" ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಕೊನೆಗೆ ಮಿಲ್ಲಿನವರು ಅವರ ಮುಂದಿನ ತಕ್‌ಪಟ್ಟಿಯಲ್ಲಿ ಹಿಡಿದುಕೊಂಡರು. ಎರಡನೇ ಬಿಡಿಸುವಿಕೆಯ ಹತ್ತಿ ಹಾಕಿ ಸಂಕ್ರಾಂತಿಗೆ ಮನೆಗೆ ಹೋಗುವಾಗ ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ. ಸಾಲ ತೀರಿತಲ್ಲ, ನಷ್ಟ ಏನಾಯಿತು ಎಂದು ಲೆಕ್ಕ ಬಲ್ಲವರು ಕೇಳಬಹುದು. ಯಾವ ಸಾಲ ಯಾವಾಗ ತೀರಿಸಬೇಕು ಎಂಬುದನ್ನು ಅವರ ಬದಲಿಗೆ ನನ್ನ ಒಂದು ಸಾಲು ನಿರ್ಧರಿಸಿತು. ಅದು ನಷ್ಟವೇ.

ಈಗ ಆ 99.9ಕ್ಕೆ ಬರೋಣ. ಆ ಹಂಗಾಮಿನಲ್ಲಿ ನನ್ನ ಪ್ರೋಗ್ರಾಂ ಒಟ್ಟು 41,000 ಪಾವತಿ ಮಾಡಿತ್ತು. ಅದರಲ್ಲಿ 37 ತಪ್ಪು. ಭಾಗಿಸಿ ನೋಡಿದರೆ ಸಾವಿರಕ್ಕೆ ಒಂದಕ್ಕಿಂತ ಸ್ವಲ್ಪ ಕಡಿಮೆ. ಅಂದರೆ 99.9ರಷ್ಟು ಸರಿ ಎಂದು ನಾನು ಬರೆದದ್ದು ಅಕ್ಷರಶಃ ನಿಜ! ಯಾರು ಬೇಕಾದರೂ ಲೆಕ್ಕ ತೆಗೆದು ನೋಡಬಹುದು. ನನ್ನನ್ನು ಕಾಡಿದ್ದು ಇದೇ. ಸುಳ್ಳು ಅಂಕಿ ಹಾಕಿದ್ದರೆ ಅಳಿಸಿ ಸುಮ್ಮನಾಗುತ್ತಿದ್ದೆ. ಇದು ಖರೆ ಅಂಕಿ, ಆ ಮೂವತ್ತೇಳು ಮಂದಿಯೂ ಅದರೊಳಗೇ ಇದ್ದಾರೆ, ಕೊನೆಯ ಸಾವಿರದ ಒಂದು ಪಾಲಿನಲ್ಲಿ, ಯಾರಿಗೂ ಕಾಣದ ಹಾಗೆ. ನನ್ನ ಅತಿ ದೊಡ್ಡ ತಪ್ಪನ್ನೇ ನಾನು ಸಾಧನೆಯೆಂದು ಬರೆದುಕೊಂಡಿದ್ದೆ, ಒಂದೂ ಸುಳ್ಳು ಹೇಳದೆ.

"ಸ್ಪಿಯರ್‌ಹೆಡೆಡ್" ಎಂಬುದರ ವಿಷಯ ಇನ್ನೂ ಕೆಟ್ಟದ್ದು. ವರ್ಷದ ಕೊನೆಗೆ ಕಂಪನಿಯಲ್ಲಿ ಒಬ್ಬೊಬ್ಬರೂ ತಾವು ಮಾಡಿದ್ದು ಬರೆದು ಕೊಡಬೇಕು. ಅದರ ಮೇಲೆ ಬಡ್ತಿ. ನಾನು ಲಿಂಕ್ಡ್‌ಇನ್ನಿನ ಸಾಲನ್ನೇ ಅಲ್ಲೂ ಬರೆದೆ. ಅಕ್ಕ "ಅಸಿಸ್ಟೆಡ್", ಸಹಾಯ ಮಾಡಿದೆ, ಎಂದು ಬರೆದಿದ್ದರು. ಆಕೆಯ ರೂಢಿಯೇ ಹಾಗೆ. ಬಡ್ತಿ ನನಗೆ ಬಂತು. ಆಮೇಲೆ ಎಂದೋ ನನ್ನ ಪರಿಚಯ ಆಕೆಯ ಕಣ್ಣಿಗೆ ಬಿತ್ತು. ಜಗಳವಾಡಲಿಲ್ಲ. ಚಹ ಕುಡಿಯುತ್ತ, "ಸ್ಪಿಯರ್‌ಹೆಡ್ ಅಂದ್ರ ಈಟಿಯ ಮೊನಿ ಅಲ್ಲೇನಪ್ಪ? ಹಂಗಾದ್ರ ನಾ ಏನು, ಕೋಲೇನು?" ಎಂದರು. ನಕ್ಕರು ಕೂಡ. ನಾನೂ ನಕ್ಕೆ. ನಗಬಾರದಿತ್ತು.

ಆಕೆಯ ತಂದೆ ನೇಕಾರರು. ಒಮ್ಮೆ ಗದ್ವಾಲಕ್ಕೆ ಹೋದಾಗ ಅವರ ಮಗ್ಗ ನೋಡಿದ್ದೆ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಎರಡು ಅಂಚಿಗೆ ಎರಡು, ಒಡಲಿಗೆ ಒಂದು, ಹೀಗೆ ಮೂರು ಲಾಳಿ ಓಡಬೇಕು. ಒಡಲಿನ ಎಳೆಯೂ ಅಂಚಿನ ಎಳೆಯೂ ಕೂಡುವಲ್ಲಿ ಒಂದಕ್ಕೊಂದು ಕೊಕ್ಕೆ ಹಾಕಬೇಕು. ಒಬ್ಬರಿಂದ ಆಗುವ ಕೆಲಸವಲ್ಲ, ಪಕ್ಕದಲ್ಲಿ ಇನ್ನೊಬ್ಬರು ಕೂತಿರುತ್ತಾರೆ. ಅವರ ಮನೆಯಲ್ಲಿ ಹಾಗೆ ಕೂರುತ್ತಿದ್ದವರು ಅಕ್ಕನ ತಾಯಿ. ಅಂಗಡಿಯವರು ಬಂದಾಗ ತಂದೆ "ನಾವು ನೇಯ್ದೀವಿ" ಎನ್ನುತ್ತಿದ್ದರು. ಕೂಲಿ ಚೀಟಿಯಲ್ಲಿ ಹೆಸರು ಅವರೊಬ್ಬರದೇ. "ನಾವು" ಎನ್ನುವುದು ದೊಡ್ಡ ಗುಣ ಎಂದು ನಮ್ಮ ಕಡೆ ಹೇಳುತ್ತೇವೆ. ಆದರೆ "ನಾವು" ಎಂಬುದರೊಳಗೂ ಒಬ್ಬರು ಅಡಗಿಹೋಗಬಹುದು. "ನಾನು" ಎಂದು ಬರೆದು ನಾನು ಆಕೆಯನ್ನು ಮರೆಸಿದೆ, "ನಾವು" ಎಂದಿದ್ದರೂ ಮರೆಸುತ್ತಿದ್ದೆನೇನೋ. ನಾನು ಯಾವುದು ಮಾಡಿದೆ, ಆಕೆ ಯಾವುದು ಮಾಡಿದರು ಎಂದು ಬಿಡಿಸಿ ಹೇಳುವುದೊಂದೇ ದಾರಿ. ಸಂದರ್ಶನದಲ್ಲಿ ಒಳ್ಳೆಯ ಇಂಜಿನಿಯರುಗಳು ಕೇಳುವುದೂ ಇದನ್ನೇ: "ನೀವೆಲ್ಲ ಸರಿ, ಅದರಲ್ಲಿ ನಿನ್ನ ಕೈ ಯಾವುದು?"

ಇದನ್ನೆಲ್ಲ ನಮ್ಮ ಕಾಕನ ಮುಂದೆ ಹೇಳಿದಾಗ ಅವರು ಒಪ್ಪಲಿಲ್ಲ. "ಮದುವಿ ಕಾರ್ಡಿನಾಗ ಎಲ್ಲರನ್ನೂ ಚಿರಂಜೀವಿ ಅಂತ ಹಾಕ್ತೀವಿ. ಅದು ಸುಳ್ಳೇನು? ಓದೋರಿಗೆ ಗೊತ್ತಿರ್ತದ. ನಿಂದೂ ಹಂಗ, ಲೋಕಾರೂಢಿ" ಎಂದರು. ಇದು ಸಣ್ಣ ವಾದವಲ್ಲ. ಎಲ್ಲರೂ ಹಾಗೇ ಬರೆಯುವಲ್ಲಿ, ಓದುವವರೂ ಅರ್ಧಕ್ಕರ್ಧ ಕಳೆದೇ ಓದುವಲ್ಲಿ, ಮೋಸ ಹೋದವರು ಯಾರು? ನೌಕರಿ ಕೊಡುವವನಂತೂ ಅಲ್ಲ, ಅವನು ಪರೀಕ್ಷೆ ಮಾಡಿಯೇ ತೆಗೆದುಕೊಳ್ಳುತ್ತಾನೆ. ಬಹಳ ದಿನ ನಾನೂ ಇದನ್ನು ನಂಬಿ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಮದುವೆ ಕಾರ್ಡಿನ "ಚಿರಂಜೀವಿ" ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಳ್ಳುವುದಿಲ್ಲ. ನನ್ನ ಸಾಲು ಕಿತ್ತುಕೊಂಡಿತು. ನಾನು ಓದುಗನಿಗೆ ಸುಳ್ಳು ಹೇಳಿದೆನೇ ಎಂಬುದಕ್ಕಿಂತ, ಆ ಕೆಲಸದಲ್ಲಿ ಇದ್ದವರನ್ನು ಕೆಲಸದಿಂದ ಹೊರಗೆ ಹಾಕಿದೆನೇ ಎಂಬುದು ದೊಡ್ಡ ಪ್ರಶ್ನೆ. ಮಕ್ಕಳಿಗೆ ಪದಗಳು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ನಮ್ಮ ಹಳ್ಳಿಯ ಹುಡುಗರಿಗೆ ಆ ಬಾಗಿಲು ದಾಟಲು ಇಸಿದುಕೊಂಡ ಅಂಗಿ ಒಮ್ಮೊಮ್ಮೆ ಬೇಕಾಗುತ್ತದೆ. ಅದು ಯಾರ ಮೈಮೇಲಿನದು ಎಂದು ನೋಡಿ ಇಸಿದುಕೊಳ್ಳಬೇಕು, ಅಷ್ಟೆ.

ಹೊಸದಾಗಿ ಬರೆಯಲು ಕುಳಿತೆ. ಮೊದಲನೆಯದು ಕೆಟ್ಟಿತು. ಮಳೆಯ ರಾತ್ರಿ, ಒಬ್ಬಂಟಿ ಇಂಜಿನಿಯರ್, ಕಣ್ಣೀರಿನ ಮುದುಕಿ, ಕೊನೆಗೆ "ಅಂದು ನಾನು ಕಲಿತೆ" ಎಂಬ ಪಾಠ, ಒಂದೊಂದು ಸಾಲಿಗೆ ಒಂದೊಂದು ಪ್ಯಾರಾ. ಈಚೆಗೆ ಆ ತಾಣದಲ್ಲಿ ಇಂಥ ಕಥೆಗಳದೇ ಸುಗ್ಗಿ. ಮಾಸ್ತರಿಗೆ ತೋರಿಸಿದೆ. ಅವರು ಹಳೆಯ ಅಭ್ಯಾಸದಂತೆ ಕೆಂಪು ಪೆನ್ನು ತೆಗೆದು, "ಆ ದಿನ ಮಳಿ ಬಂದಿತ್ತೇನು?" ಎಂದು ಕೇಳಿದರು. ಬಂದಿರಲಿಲ್ಲ. "ಮುದುಕಿ ಅತ್ತಿದ್ದಳೇನು?" ಇಲ್ಲ, ಆಕೆ ದಬಾಯಿಸಿದ್ದಳು. "ಮತ್ತ ಯಾಕ ಬರದಿ? ಮೊದಲು ಪದದ ಹಿಂದ ಅಡಗಿದ್ದಿ, ಈಗ ಕಥಿ ಹಿಂದ ಅಡಗೀದಿ" ಎಂದು ಮಳೆ, ಕಣ್ಣೀರು, ಪಾಠ ಮೂರನ್ನೂ ಹೊಡೆದುಹಾಕಿದರು. ಆಗಿರದ್ದನ್ನು ತೆಗೆದ ಮೇಲೆ ಉಳಿದದ್ದು ಕಡಿಮೆ. ಅದನ್ನೇ ಜೋಡಿಸಿದೆ. ಇಂಗ್ಲಿಷಿನಲ್ಲಿ ಹಾಕಿದ್ದು ಕನ್ನಡದಲ್ಲಿ ಹೀಗಿದೆ:

"ಹತ್ತಿ ಮಾರಿದ ರೈತರ ಖಾತೆಗೆ ಹಣ ಕಳಿಸುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಒಂದು ರಾತ್ರಿ ಅದು 37 ಜನರಿಗೆ ಎರಡು ಸಲ ಹಣ ಕಳಿಸಿತು. ಬ್ಯಾಂಕಿನ ಉತ್ತರ ತಡವಾದಾಗ ನನ್ನ ಪ್ರೋಗ್ರಾಂ ಪ್ರತಿ ಸಲವೂ ಹೊಸ ರೆಫರೆನ್ಸ್ ನಂಬರಿನಿಂದ ಮತ್ತೆ ಕಳಿಸುತ್ತಿತ್ತು. ತಪ್ಪು ಬ್ಯಾಂಕಿನದು ಎಂದು ನಾನು ಮೊದಲು ಹೇಳಿದೆ. ಅಲ್ಲ ಎಂದು ಬ್ಯಾಂಕಿನ ಪಟ್ಟಿ ಹಿಡಿದು ತೋರಿಸಿದವರು ನಮ್ಮ ಟೆಸ್ಟಿಂಗ್ ಇಂಜಿನಿಯರ್. ಒಂದು ಸಾಲು ಸರಿಸಿ ತಪ್ಪು ನಿಲ್ಲಿಸಿದವನು ನಾನು. ಆ ಸಾಲು ಸಾಲದು, ನಂಬರನ್ನು ಮೊದಲೇ ಬರೆದಿಡಬೇಕು ಎಂದವರು ಅವರು. ಅದನ್ನು ಇಬ್ಬರೂ ಒಂಬತ್ತು ದಿನದಲ್ಲಿ ಮುಗಿಸಿದೆವು. ನಾನು ಆ ಜನರಿಗೆಲ್ಲ ಫೋನ್ ಮಾಡಿದೆ. ಒಬ್ಬರ ಹಣ ಅವರ ಸಾಲಕ್ಕೆ ಹೋಗಿತ್ತು. ಅದನ್ನು ಸರಿಪಡಿಸಲು ನನ್ನಿಂದ ಆಗಲಿಲ್ಲ. ಈಗ ಏನು ಬರೆದರೂ ಮೊದಲು ಕೇಳಿಕೊಳ್ಳುವುದು: ಉತ್ತರ ಬರದಿದ್ದರೆ ಇದು ಏನು ಮಾಡುತ್ತದೆ?"

ಕಂಪನಿಯ ಹೆಸರು, ಮಿಲ್ಲಿನ ಹೆಸರು ಹಾಕಲಿಲ್ಲ. ಹಾಕುವ ಮೊದಲು ಮ್ಯಾನೇಜರನ್ನೂ ಅಕ್ಕನನ್ನೂ ಕೇಳಿದೆ. ತನ್ನ ಹೆಸರು ಬೇಡ, ಕೆಲಸ ಬರೆದರೆ ಸಾಕು ಎಂದರು ಅಕ್ಕ. ಜಾವಾ, ಪೈಥಾನ್, ಎಸ್‌ಕ್ಯೂಎಲ್ ಎಂಬ ಭಾಷೆಗಳ ಹೆಸರನ್ನು ಮಾತ್ರ ಕೆಳಗೆ ಕೌಶಲದ ಪಟ್ಟಿಯಲ್ಲಿ ಹಾಗೇ ಇಟ್ಟಿದ್ದೇನೆ. ನೌಕರಿ ಕೊಡುವವರು ಹುಡುಕುವುದು ಆ ಪದಗಳಿಂದ. ಅವಿಲ್ಲದಿದ್ದರೆ ನನ್ನ ಪುಟ ಅವರ ಕಣ್ಣಿಗೇ ಬೀಳುವುದಿಲ್ಲ. ಮತ್ತು ಅವು ಅಲಂಕಾರವಲ್ಲ, ಬರುತ್ತದೋ ಇಲ್ಲವೋ ಎಂದು ಹತ್ತು ನಿಮಿಷದಲ್ಲಿ ಕೇಳಿ ತಿಳಿಯಬಹುದು.

ಇದರಿಂದ ಲಾಭವಾಯಿತೇ ಎಂದು ಊರಲ್ಲಿ ಕೇಳುತ್ತಾರೆ. ಒಂದು ಕಡೆ ಸಂದರ್ಶನಕ್ಕೆ ಕರೆದು, ಬೇರೇನೂ ಕೇಳದೆ ಈ ಒಂದೇ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಇನ್ನೊಂದು ಕಡೆ, ತಪ್ಪನ್ನು ತಾನೇ ಊರಿಗೆಲ್ಲ ಸಾರುವವನು ನಾಳೆ ನಮ್ಮ ತಪ್ಪನ್ನೂ ಸಾರುತ್ತಾನೆ ಎಂದು ಯಾರೋ ಅಂದರಂತೆ, ಕರೆಯಲಿಲ್ಲ. ಬಡ್ತಿಯ ವಿಷಯ ಮ್ಯಾನೇಜರಿಗೆ ಪತ್ರದಲ್ಲಿ ಬರೆದು ಕೊಟ್ಟೆ. ಆಗಿಹೋದದ್ದು ತಿರುಗಿ ಬರುವುದಿಲ್ಲ, ಮುಂದಿನ ವರ್ಷ ನೋಡೋಣ ಎಂದರು. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ.

ಹೊಸ ಪರಿಚಯ ಹಾಕಿದ ಮರುದಿನ ಅಕ್ಕ ಫೋನ್ ಮಾಡಿದರು. ಮೆಚ್ಚಿಗೆ ಹೇಳುತ್ತಾರೆಂದು ಎತ್ತಿದೆ.

"ಓದಿದೆ. ಒಂದು ತಪ್ಪದ" ಎಂದರು.

"ಯಾವುದು ಅಕ್ಕ?"

"37 ಅಲ್ಲ, 38. ಒಬ್ಬರದು ರಾತ್ರಿ ಹನ್ನೆರಡು ದಾಟಿದ ಮ್ಯಾಲೆ ಹೋಗಿತ್ತು, ಮರುದಿನದ ಪಟ್ಟಿಯೊಳಗ ಬಂದಿತ್ತು. ನೀ ಆಗಲೇ ಫೋನ್ ಹಚ್ಚಿ ಕೂತಿದ್ದಿ, ಅವರಿಗೆ ನಾನ ಮಾಡಿ ಮುಗಿಸಿದ್ದೆ. ನಿನಗ ಹೇಳಿರಲಿಲ್ಲ."

38 ಎಂದು ತಿದ್ದಿ, "ಆ ಜನರಿಗೆಲ್ಲ" ಎಂಬಲ್ಲಿ "37 ಜನರಿಗೆ ನಾನು, ಒಬ್ಬರಿಗೆ ಅವರು" ಎಂದು ಹಾಕಿದೆ. ಶೇಕಡಾ ಲೆಕ್ಕವನ್ನೂ ಮತ್ತೊಮ್ಮೆ ಮಾಡಿ ನೋಡಿದೆ. ಅದು 99.9 ಇದ್ದದ್ದು 99.9 ಆಗಿಯೇ ಉಳಿದಿತ್ತು.